ಲೆಕ್ಕ ಬಿಚ್ಚಿಡುತ್ತೇನೆ ಎಂದು ಚುನಾವಣಾ ಭಾಷಣದಲ್ಲಿ ಹೇಳುವುದು ಹೇಗೆ?

ಶಾಲೆಯ ವಿದ್ಯಾರ್ಥಿ ಸಂಘಕ್ಕೆ ಚುನಾವಣೆ ಬಂತೆಂದರೆ ಖಜಾಂಚಿ ಸ್ಥಾನಕ್ಕೆ ನಿಂತವರು ಸಾಮಾನ್ಯವಾಗಿ ಹೇಳುವ ಮಾತೊಂದಿದೆ: 'ನಾನು ಗೆದ್ದರೆ ವಿದ್ಯಾರ್ಥಿ ನಿಧಿಯ ಲೆಕ್ಕ ಪಾರದರ್ಶಕವಾಗಿರುತ್ತದೆ.' ಕೇಳಲು ಚೆನ್ನಾಗಿದೆ. ಆದರೆ ಆರು ತಿಂಗಳಾದ ಮೇಲೆ ಆ ಮಾತು ನಡೆಯಿತೋ ಇಲ್ಲವೋ ಎಂದು ಯಾರು, ಎಲ್ಲಿ ಹೋಗಿ ನೋಡಬೇಕು? ಭಾಷಣದಲ್ಲಿ ಇದಕ್ಕೆ ಉತ್ತರ ಇಲ್ಲದಿದ್ದರೆ ಅದು ಭರವಸೆ ಅಲ್ಲ, ಸುಮ್ನೆ ಒಳ್ಳೆಯ ಮಾತು. ಮತ ಹಾಕಿದ ಹುಡುಗಿಯೊಬ್ಬಳು ಸೂಚನಾ ಫಲಕದ ಮುಂದೆ ನಿಂತು 'ಹೌದು, ಹೇಳಿದ ಹಾಗೆ ಮಾಡಿದ್ದಾರೆ' ಅಥವಾ 'ಇಲ್ಲ, ಮಾಡಿಲ್ಲ' ಎಂದು ಹೇಳುವಂತಿರಬೇಕು. ಅಂಥ ಭಾಷಣ ಬರೆಯುವ ದಾರಿ ಇದು. ಬರೆಯುವ ಕೆಲಸ ಕೊನೆಯಲ್ಲಿ ಬರುತ್ತದೆ, ಅದಕ್ಕೂ ಮೊದಲು ಸ್ವಲ್ಪ ಓಡಾಟ ಇದೆ.

ಮೊದಲು: ಯಾವ ಹಣ ಎಂದು ತಿಳಿದುಕೊಳ್ಳಿ

ಶಾಲೆಯಲ್ಲಿ ಓಡಾಡುವ ಹಣವೆಲ್ಲ ವಿದ್ಯಾರ್ಥಿ ಸಂಘದ್ದಲ್ಲ. ಶುಲ್ಕದ ಹಣ ಆಡಳಿತದ್ದು. ಅದರ ಲೆಕ್ಕ ಕೊಡುತ್ತೇನೆ ಎನ್ನುವ ಅಧಿಕಾರ ಖಜಾಂಚಿಗೆ ಇರುವುದಿಲ್ಲ. ಸಂಘದ ಕೈಗೆ ಬರುವುದು ವಿದ್ಯಾರ್ಥಿಗಳು ಕೊಟ್ಟ ವಂತಿಗೆ, ಮೇಳ ಅಥವಾ ನಾಟಕದಿಂದ ಉಳಿದ ಹಣ, ಯಾರಾದರೂ ಕೊಟ್ಟ ದೇಣಿಗೆ. ದೇಣಿಗೆಯಲ್ಲೂ ಒಂದು ವ್ಯತ್ಯಾಸ ಇದೆ. 'ಗ್ರಂಥಾಲಯಕ್ಕೆ' ಎಂದು ಹೇಳಿ ಕೊಟ್ಟ ಹಣವನ್ನು ಕ್ರೀಡಾ ದಿನಕ್ಕೆ ಬಳಸುವಂತಿಲ್ಲ. ಅದನ್ನು ಬೇರೆ ಸಾಲಿನಲ್ಲೇ ತೋರಿಸಬೇಕು.

ಈಗಿನ ಖಜಾಂಚಿಯನ್ನೂ ಸಂಘದ ಉಸ್ತುವಾರಿ ಶಿಕ್ಷಕರನ್ನೂ ಕಂಡು ಮೂರು ವಿಷಯ ಕೇಳಿ. ಹಣ ಎಲ್ಲಿದೆ, ಪೆಟ್ಟಿಗೆಯಲ್ಲೋ ಬ್ಯಾಂಕಿನಲ್ಲೋ? ಖರ್ಚಿಗೆ ಯಾರು ಸಹಿ ಹಾಕುತ್ತಾರೆ? ಪುಸ್ತಕ ಯಾರು ಬರೆಯುತ್ತಾರೆ? ಹಣ ಇಟ್ಟುಕೊಳ್ಳುವವರೇ ಲೆಕ್ಕವನ್ನೂ ಬರೆದು, ಅವರೇ ಅದನ್ನು ಪರಿಶೀಲಿಸುತ್ತಿದ್ದರೆ ನಿಮ್ಮ ಭಾಷಣದ ಮುಖ್ಯ ವಿಷಯ ಅಲ್ಲೇ ಸಿಕ್ಕಿತು. ಯಾರ ಮೇಲೂ ಅನುಮಾನ ಪಡಬೇಕಾಗಿಲ್ಲ. ಪ್ರಾಮಾಣಿಕರಾದವರೂ ಕೂಡಿಸುವಾಗ ತಪ್ಪುತ್ತಾರೆ, ಒಬ್ಬರೇ ನೋಡಿದರೆ ಆ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಕೊನೆಗೆ ಶಿಕ್ಷಕರ ಬಳಿ ಒಂದು ಅನುಮತಿ ಕೇಳಿ: 'ಪ್ರತಿ ತಿಂಗಳ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಸೂಚನಾ ಫಲಕಕ್ಕೆ ಹಾಕಬಹುದಾ?' ಇದನ್ನು ಭಾಷಣಕ್ಕೆ ಮೊದಲೇ ಕೇಳಬೇಕು. ಗೆದ್ದ ಮೇಲೆ ಕೇಳಿದಾಗ 'ಬೇಡ' ಎಂದುಬಿಟ್ಟರೆ ನಿಮ್ಮ ಇಡೀ ಭರವಸೆ ಬಿದ್ದುಹೋಗುತ್ತದೆ. ಫಲಕಕ್ಕೆ ಬೇಡ ಎಂದರೆ, ತರಗತಿ ಪ್ರತಿನಿಧಿಗಳ ಸಭೆಯಲ್ಲಿ ಓದಿ ಹೇಳಬಹುದಾ ಎಂದು ಕೇಳಿ. ಯಾವುದಕ್ಕೆ ಒಪ್ಪಿಗೆ ಸಿಕ್ಕಿತೋ ಅಷ್ಟನ್ನೇ ಭಾಷಣದಲ್ಲಿ ಹೇಳಿ.

ಆಮೇಲೆ: ಮಾದರಿ ಹಾಳೆ ತಯಾರಿಸಿ

ಭಾಷಣದ ಒಂದು ಸಾಲನ್ನೂ ಬರೆಯುವ ಮುಂಚೆ, ಗೆದ್ದರೆ ಹಾಕಲಿರುವ ಹಾಳೆಯನ್ನು ಬರೆದು ನೋಡಿ. ಅಭ್ಯರ್ಥಿಗಳು ಬಿಟ್ಟುಬಿಡುವ ಕೆಲಸ ಇದು. ನನ್ನ ಪ್ರಕಾರ ಜಾಸ್ತಿ ಸಮಯ ಕೊಡಬೇಕಾದದ್ದೂ ಇದಕ್ಕೇ. ಹಾಳೆ ಬರೆಯಲು ಕೂತಾಗಲೇ ಯಾವುದನ್ನು ನಿಜಕ್ಕೂ ಕೊಡಬಹುದು, ಯಾವುದು ಕಷ್ಟ ಎಂದು ಗೊತ್ತಾಗುತ್ತದೆ.

ಒಂದು ಕಾಲ್ಪನಿಕ ಕ್ರೀಡಾ ದಿನದ ತಿಂಗಳನ್ನು ತೆಗೆದುಕೊಳ್ಳೋಣ. ತಿಂಗಳ ಮೊದಲ ದಿನ ನಿಧಿಯಲ್ಲಿ 18,400 ಇತ್ತು. ವಂತಿಗೆಯಿಂದ 9,600 ಬಂತು. ಎರಡೂ ಸೇರಿ 28,000. ಖರ್ಚು ಹೀಗಿದೆ: ಬಹುಮಾನಕ್ಕೆ 12,500, ಧ್ವನಿವರ್ಧಕದ ಬಾಡಿಗೆ 4,000, ಪ್ರಥಮ ಚಿಕಿತ್ಸೆಯ ಸಾಮಾನಿಗೆ 1,850, ಇತರೆ 3,000. ಒಟ್ಟು ಖರ್ಚು 21,350. ಉಳಿದದ್ದು 6,650.

ಕೂಡಿಸಿ ಕಳೆದರೆ ಲೆಕ್ಕ ಸರಿಯಾಗಿದೆ. ಆದರೂ ಈ ಹಾಳೆ ಇನ್ನೂ ಪೂರ್ತಿಯಾಗಿಲ್ಲ. ಓದುವವರ ಬೆರಳು ನೇರವಾಗಿ 'ಇತರೆ 3,000' ಮೇಲೆ ನಿಲ್ಲುತ್ತದೆ. ಅದನ್ನು ಬಿಡಿಸಿ ನೋಡಿದಾಗ ಅಂಕಣಕ್ಕೆ ಗೆರೆ ಎಳೆಯುವ ಸುಣ್ಣದ ಪುಡಿ, ಹಗ್ಗ, ಕಾಗದ ಎಂದು 2,200ಕ್ಕೆ ರಶೀದಿ ಸಿಕ್ಕಿತು ಎಂದುಕೊಳ್ಳಿ. ಉಳಿದ 800ಕ್ಕೆ ರಶೀದಿ ಇಲ್ಲ. ಈಗ ಏನು ಮಾಡಬೇಕು? ಆ 800ನ್ನು ಬೇರೆ ಸಾಲಿಗೆ ಸೇರಿಸಿ ಮರೆಮಾಡುವ ಆಸೆ ಬರುತ್ತದೆ. ಹಾಗೆ ಮಾಡಬಾರದು. 'ಸಾಮಾನು ಸಾಗಿಸಲು 800, ರಶೀದಿ ಇಲ್ಲ, ಹಣ ಕೊಟ್ಟವರು ಮತ್ತು ಒಪ್ಪಿಗೆ ಕೊಟ್ಟ ಶಿಕ್ಷಕರು ಸಹಿ ಹಾಕಿದ್ದಾರೆ' ಎಂದು ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು. ರಶೀದಿ ಇಲ್ಲದ ಖರ್ಚಿಗೂ ಒಂದು ಸಾಲು ಇರುತ್ತದೆ ಎಂದು ಗೊತ್ತಿದ್ದರೆ, ಮುಂದಿನ ಸಲ ಸಾಮಾನು ತರಲು ಹೋದವರು ತಾವಾಗಿಯೇ ರಶೀದಿ ಕೇಳಿ ತರುತ್ತಾರೆ.

ಇನ್ನೊಂದು ಪರೀಕ್ಷೆ ಉಳಿದಿದೆ. ಹಾಳೆಯಲ್ಲಿ 6,650 ಉಳಿದಿದೆ ಎಂದಿದ್ದರೆ, ಅದೇ ದಿನ ಪೆಟ್ಟಿಗೆಯ ಹಣವನ್ನು ಎಣಿಸಿ ಪಾಸ್‌ಬುಕ್ಕಿನ ಮೊತ್ತಕ್ಕೆ ಸೇರಿಸಿದಾಗಲೂ 6,650 ಬರಬೇಕು. ಬರದಿದ್ದರೆ ಕಾರಣ ಹುಡುಕಿ. ಕೊಟ್ಟ ಚೆಕ್ಕನ್ನು ಅಂಗಡಿಯವರು ಇನ್ನೂ ಬ್ಯಾಂಕಿಗೆ ಹಾಕದೆ ಇದ್ದರೆ ಪಾಸ್‌ಬುಕ್ಕಿನಲ್ಲಿ ಹೆಚ್ಚು ಕಾಣುತ್ತದೆ. ಅದು ತಪ್ಪಲ್ಲ, ಆದರೆ ಹಾಳೆಯ ಕೆಳಗೆ ಒಂದು ಸಾಲಿನಲ್ಲಿ ಹೇಳಬೇಕು. ಕಾರಣ ಸಿಗದ ವ್ಯತ್ಯಾಸ ಇದ್ದರೆ ಅದನ್ನೂ ಬರೆಯಬೇಕು. ಕೂಡಿಸುವುದು ಸರಿಯಾಗಿದ್ದ ಮಾತ್ರಕ್ಕೆ ಲೆಕ್ಕ ನಿಜ ಎಂದಾಗುವುದಿಲ್ಲ. ಕೈಯಲ್ಲಿರುವ ಹಣದ ಜೊತೆ ಅದು ತಾಳೆಯಾಗಬೇಕು.

ಒಂದು ವಿಷಯ ಮಾತ್ರ ಹಾಳೆಗೆ ಹೋಗಬಾರದು. ಕಷ್ಟದಲ್ಲಿರುವ ವಿದ್ಯಾರ್ಥಿಗೆ ನಿಧಿಯಿಂದ ಸಹಾಯ ಮಾಡಿದ್ದರೆ ಮೊತ್ತ ಬರೆಯಿರಿ, ಹೆಸರು ಮತ್ತು ತರಗತಿ ಬೇಡ. ಆ ಹೆಸರನ್ನು ಶಿಕ್ಷಕರು ನೋಡಿದರೆ ಸಾಕು. ಯಾರು ವಂತಿಗೆ ಕೊಟ್ಟಿಲ್ಲ ಎಂಬ ಪಟ್ಟಿಯೂ ಬೇಡ. ಲೆಕ್ಕ ತೋರಿಸುವ ಹೆಸರಿನಲ್ಲಿ ಯಾರ ಮಾನವೂ ಹೋಗಬಾರದು ಅಲ್ವಾ?

ಮೂರನೆಯದು: ಭರವಸೆಯನ್ನು ಒಂದೇ ಮಾತಿಗೆ ಇಳಿಸಿ

ಹಾಳೆ ಸಿದ್ಧವಾದ ಮೇಲೆ ಭರವಸೆ ತಾನಾಗಿ ಬರುತ್ತದೆ. ಅದರಲ್ಲಿ ಏನು, ಯಾವಾಗ, ಎಲ್ಲಿ, ಯಾರು ಪರಿಶೀಲಿಸುತ್ತಾರೆ ಎಂಬ ನಾಲ್ಕೂ ಇರಲಿ. 'ಪ್ರತಿ ತಿಂಗಳ 5ನೇ ತಾರೀಖಿನೊಳಗೆ, ಹಿಂದಿನ ತಿಂಗಳ ಲೆಕ್ಕದ ಹಾಳೆ ಸೂಚನಾ ಫಲಕದಲ್ಲಿ ಇರುತ್ತದೆ. ಸಂಘದಲ್ಲಿ ಇಲ್ಲದ ಒಬ್ಬ ತರಗತಿ ಪ್ರತಿನಿಧಿ ಅದನ್ನು ರಶೀದಿಗಳ ಜೊತೆ ಹೋಲಿಸಿ ಸಹಿ ಹಾಕಿರುತ್ತಾರೆ.'

ವಾರಕ್ಕೊಮ್ಮೆ ಎಂದು ಹೇಳುವ ಹುರುಪು ಬರಬಹುದು. ಬೇಡ. ಪರೀಕ್ಷೆಯ ಸಮಯದಲ್ಲಿ ಎರಡು ವಾರ ತಪ್ಪಿದರೆ ಮಾತು ತಪ್ಪಿದ ಹಾಗಾಗುತ್ತದೆ. ವರ್ಷಕ್ಕೊಮ್ಮೆ ಎಂದರೆ ಹಣ ಖರ್ಚಾಗಿ ಹೋದ ಮೇಲೆ ಕೇಳಿ ಪ್ರಯೋಜನವಿಲ್ಲ. ಹೆಚ್ಚಿನ ಶಾಲೆಗಳಿಗೆ ತಿಂಗಳು ಸರಿಹೊಂದುತ್ತದೆ. ಪರಿಶೀಲಿಸುವ ಪ್ರತಿನಿಧಿಯನ್ನು ಚೀಟಿ ಎತ್ತಿ ಆರಿಸುವುದು ಒಳ್ಳೆಯದು. ಖಜಾಂಚಿ ತನ್ನ ಗೆಳೆಯರನ್ನೇ ಆರಿಸಿದರು ಎಂಬ ಮಾತು ಆಗ ಬರುವುದಿಲ್ಲ.

ಈಗ ಭಾಷಣ

ಎರಡು ಮಿನಿಟು ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಕೇಳುವವರಿಗೆ ಅರ್ಥವಾಗುವ ಹಾಗೆ ನಿಧಾನವಾಗಿ ಹೇಳಿದರೆ ಒಂದು ಪುಟದ ಬರಹಕ್ಕೇ ಆ ಸಮಯ ಮುಗಿಯುತ್ತದೆ. ಅಂಕಿಗಳನ್ನು ಓದಿ ಹೇಳಬೇಡಿ. ಕಿವಿಯಲ್ಲಿ ಕೇಳಿದ ಆರು ಮೊತ್ತಗಳನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಮಾದರಿ ಹಾಳೆಯನ್ನು ಕೈಯಲ್ಲಿ ಎತ್ತಿ ಹಿಡಿಯಿರಿ, ಒಂದೇ ಒಂದು ಮೊತ್ತ ಹೇಳಿ. ಹೀಗೆ:

'ಗುರುಗಳಿಗೆ, ಗೆಳೆಯರಿಗೆ ನಮಸ್ಕಾರ. ನಾನು ಖಜಾಂಚಿ ಸ್ಥಾನಕ್ಕೆ ನಿಂತಿದ್ದೇನೆ. ನಾವೆಲ್ಲ ವಿದ್ಯಾರ್ಥಿ ನಿಧಿಗೆ ಹಣ ಕೊಡುತ್ತೇವೆ. ಆ ಹಣ ಎಲ್ಲಿ ಹೋಯಿತು ಎಂದು ತಿಳಿಯುವ ಹಕ್ಕು ಕೊಟ್ಟ ಪ್ರತಿಯೊಬ್ಬರಿಗೂ ಇದೆ.

ನನ್ನ ಕೈಯಲ್ಲಿ ಒಂದು ಹಾಳೆ ಇದೆ. ಇದು ಮಾದರಿ, ನಿಜವಾದ ಲೆಕ್ಕ ಅಲ್ಲ. ನಾನು ಗೆದ್ದರೆ ಪ್ರತಿ ತಿಂಗಳ 5ನೇ ತಾರೀಖಿನೊಳಗೆ ಇಂಥ ಹಾಳೆ ಸೂಚನಾ ಫಲಕದಲ್ಲಿ ಇರುತ್ತದೆ. ಎಷ್ಟಿತ್ತು, ಎಷ್ಟು ಬಂತು, ಯಾವುದಕ್ಕೆ ಖರ್ಚಾಯಿತು, ಎಷ್ಟು ಉಳಿಯಿತು, ಎಲ್ಲವೂ ಇದರಲ್ಲಿ ಇರುತ್ತದೆ. ಈ ಸಾಲು ನೋಡಿ: 800, ರಶೀದಿ ಇಲ್ಲ. ಇಂಥದ್ದು ಆದರೆ ನಾನು ಮುಚ್ಚಿಡುವುದಿಲ್ಲ, ಬರೆಯುತ್ತೇನೆ.

ನಾನು ಬರೆದ ಲೆಕ್ಕವನ್ನು ನಾನೇ ಸರಿ ಎನ್ನುವುದಿಲ್ಲ. ಪ್ರತಿ ತಿಂಗಳು ಚೀಟಿ ಎತ್ತಿ ಒಬ್ಬ ತರಗತಿ ಪ್ರತಿನಿಧಿಯನ್ನು ಆರಿಸುತ್ತೇವೆ. ಅವರು ರಶೀದಿ ನೋಡಿ, ಹಣ ಎಣಿಸಿ, ಸಹಿ ಹಾಕುತ್ತಾರೆ. ಇದಕ್ಕೆ ಉಸ್ತುವಾರಿ ಶಿಕ್ಷಕರ ಒಪ್ಪಿಗೆ ಪಡೆದಿದ್ದೇನೆ.

5ನೇ ತಾರೀಖು ದಾಟಿದರೂ ಹಾಳೆ ಇಲ್ಲದಿದ್ದರೆ ನನ್ನನ್ನು ನಿಲ್ಲಿಸಿ ಕೇಳಿ. 6ನೇ ತಾರೀಖಿಗೆ ಕಾರಣವನ್ನು ಬರೆದು ಅದೇ ಫಲಕಕ್ಕೆ ಹಾಕುತ್ತೇನೆ. ನಿಮ್ಮ ಮತ ಕೊಡಿ. ಧನ್ಯವಾದ.'

ಗಮನಿಸಿ, ಹಿಂದಿನ ಖಜಾಂಚಿಯ ಬಗ್ಗೆ ಇಲ್ಲಿ ಒಂದು ಮಾತೂ ಇಲ್ಲ. ದಾಖಲೆ ಇಲ್ಲದೆ 'ಹಣ ಎಲ್ಲೋ ಹೋಯಿತು' ಎಂದರೆ ಸಭೆಯಲ್ಲಿ ಚಪ್ಪಾಳೆ ಬರಬಹುದು. ಆದರೆ ಅದು ಒಬ್ಬರ ಮೇಲೆ ಕಳ್ಳತನದ ಆರೋಪ. ಅದೂ ಅಲ್ಲದೆ, ನಾಳೆ ಲೆಕ್ಕ ವಹಿಸಿಕೊಳ್ಳಬೇಕಾದದ್ದು ಅವರಿಂದಲೇ.

ಪ್ರಶ್ನೆಗಳಿಗೆ ಸಿದ್ಧರಾಗಿ

'ಹಿಂದಿನವರ ಲೆಕ್ಕ ತಪ್ಪಿತ್ತಾ?' ಎಂದು ಖಂಡಿತ ಕೇಳುತ್ತಾರೆ. 'ನನಗೆ ಹಾಗೆ ಹೇಳಲು ಆಧಾರ ಇಲ್ಲ. ನೋಡುವ ದಾರಿ ಇರಲಿ ಎನ್ನುವುದಷ್ಟೇ ನನ್ನ ಮಾತು' ಎನ್ನಿ. 'ಶುಲ್ಕದ ಲೆಕ್ಕವನ್ನೂ ಕೊಡಿಸುತ್ತೀಯಾ?' ಎಂದರೆ ಅದು ಸಂಘದ ಕೈಯಲ್ಲಿಲ್ಲ ಎಂದು ನೇರವಾಗಿ ಹೇಳಿ. ಆಗುವುದಿಲ್ಲ ಎಂದು ಒಪ್ಪಿಕೊಂಡವರ ಉಳಿದ ಮಾತನ್ನು ಜನ ನಂಬುತ್ತಾರೆ. 'ಲೆಕ್ಕ ತೋರಿಸಿದರೆ ನಮ್ಮ ತರಗತಿಗೆ ಕಡಿಮೆ ಕೊಟ್ಟಿದ್ದೀರಿ ಎಂದು ಜಗಳ ಬರುವುದಿಲ್ವಾ?' ಎಂಬ ಪ್ರಶ್ನೆ ಸ್ವಲ್ಪ ಕಷ್ಟದ್ದು. ಬರುತ್ತದೆ. ಅದಕ್ಕೇ ದೊಡ್ಡ ಖರ್ಚಿನ ತೀರ್ಮಾನ ಯಾವ ಸಭೆಯಲ್ಲಿ ಆಯಿತು ಎಂದು ಆ ಸಾಲಿನ ಪಕ್ಕದಲ್ಲಿ ದಿನಾಂಕ ಬರೆಯುತ್ತೇನೆ ಎಂದು ಹೇಳಿ. ಆಗ ಜಗಳ ಖಜಾಂಚಿಯ ಮೇಲೆ ತಿರುಗದೆ ಸಭೆಯ ಚರ್ಚೆಯಾಗಿ ಬದಲಾಗುತ್ತದೆ.

ಗೆದ್ದ ದಿನವೇ

ಮೊದಲ ಹಾಳೆ ಸರಿಯಾಗಿ ಬರಬೇಕಾದರೆ ಅದರ ಮೊದಲ ಸಾಲು, ಅಂದರೆ ಆರಂಭದ ಮೊತ್ತ, ಸರಿಯಾಗಿರಬೇಕು. ಆದ್ದರಿಂದ ಪುಸ್ತಕ ಮತ್ತು ಹಣವನ್ನು ಸುಮ್ಮನೆ ಕೈಗೆ ತೆಗೆದುಕೊಳ್ಳಬೇಡಿ. ಹಳೆಯ ಖಜಾಂಚಿ, ಶಿಕ್ಷಕರು ಮತ್ತು ನೀವು ಒಟ್ಟಿಗೆ ಕೂತು ಹಣ ಎಣಿಸಿ, ಪಾಸ್‌ಬುಕ್ಕಿನ ಮೊತ್ತ ನೋಡಿ, ಇನ್ನೂ ಕೊಡಬೇಕಾದ ಬಾಕಿ ಇದ್ದರೆ ಪಟ್ಟಿ ಮಾಡಿ, ಮೂವರೂ ಸಹಿ ಹಾಕಿ. ಪುಸ್ತಕದಲ್ಲಿರುವುದಕ್ಕೂ ಎಣಿಸಿದ್ದಕ್ಕೂ ವ್ಯತ್ಯಾಸ ಇದ್ದರೆ ಆ ಕಾಗದದಲ್ಲೇ ಬರೆದಿರಲಿ. ಅದರ ಒಂದು ಪ್ರತಿ ಶಿಕ್ಷಕರ ಬಳಿ, ಒಂದು ಹಳೆಯ ಖಜಾಂಚಿಯ ಬಳಿ, ಮತ್ತೊಂದು ನಿಮ್ಮ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಇರಬೇಕು.