ಅಪಘಾತದ ಸಾವು: ಗೆಳೆಯನಿಗೆ ಏನು ಬರೆಯಬೇಕು, ಏನು ಕೇಳಬಾರದು

ಗೆಳೆಯನ ತಮ್ಮ ಬೈಕ್ ಅಪಘಾತದಲ್ಲಿ ತೀರಿಕೊಂಡ ಎನ್ನಿ. ಸುದ್ದಿ ಬಂದ ಕೂಡಲೇ ಎಲ್ಲರೂ ಅವನಿಗೆ ಫೋನ್ ಮಾಡಿ ಕೇಳುವುದು ಒಂದೇ, "ಹೇಗಾಯ್ತೋ?" ಶವಾಗಾರದ ಮುಂದೆ ಮರಣೋತ್ತರ ಪರೀಕ್ಷೆ ಮುಗಿಯಲಿ ಎಂದು ನಿಂತವನು ಬಂದವರಿಗೆಲ್ಲ ಅದೇ ಕಥೆ ಹೇಳಬೇಕು.

ಮೊದಲು, ಸುದ್ದಿ ನಿಜವೇ ಎಂದು ಹತ್ತಿರದ ಬೇರೆ ಯಾರನ್ನಾದರೂ ಕೇಳಿಕೊಳ್ಳಿ. ಗೆಳೆಯನನ್ನೇ ಕೇಳಬೇಡಿ.

ಆಮೇಲೆ ಮೆಸೇಜ್. ಕೆಡುವುದು ಇಲ್ಲೇ. ಜನ ಬರೆಯುವುದು ಹೀಗಿರುತ್ತದೆ: "ಅಯ್ಯೋ, ಲಾರಿಯವನದ್ದೇ ತಪ್ಪಂತೆ. ಹೆಲ್ಮೆಟ್ ಹಾಕಿರಲಿಲ್ವಾ? ಅಷ್ಟು ಹೊತ್ತಲ್ಲಿ ಹೊರಡಬಾರದಿತ್ತು." ಬರೆದವರ ಮನಸ್ಸಲ್ಲಿ ಕನಿಕರವೇ ಇರಬಹುದು. ಓದುವವನಿಗೆ ಮಾತ್ರ ಸತ್ತವನದ್ದೇ ತಪ್ಪು ಎಂದ ಹಾಗೆ ಕೇಳಿಸುತ್ತದೆ. ಅಂದು ಅವನನ್ನು ಕಳಿಸಿದ್ದು ಅಮ್ಮನೇ ಆಗಿದ್ದರೆ? "ಟೈಮ್ ಸರಿ ಇರಲಿಲ್ಲ", "ಹಣೆಬರಹ" ಕೂಡ ಬೇಡ, ಅವೂ ಕಾರಣ ಹುಡುಕುವ ಮಾತುಗಳೇ. ಕಳಿಸುವ ಮುಂಚೆ ಒಮ್ಮೆ ಓದಿ. "ಅಂತೆ", "ಇದ್ದಿದ್ರೆ", "ಬಾರದಿತ್ತು" ಕಂಡರೆ ಆ ಸಾಲನ್ನೇ ಅಳಿಸಿ.

ನಾನಾದರೆ ಇಷ್ಟು ಬರೆಯುತ್ತೇನೆ: "ವಿಷಯ ಈಗ ತಿಳೀತು ಕಣೋ. ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ. ನಿನ್ ತಮ್ಮ ಊರಿಂದ ಬಂದಾಗಲೆಲ್ಲ ನಂಗೂ ಅಂತ ಒಂದು ಡಬ್ಬಿ ಚಕ್ಕುಲಿ ಎತ್ತಿಡ್ತಿದ್ದ. ಉತ್ತರ ಬರೀಬೇಡ. ನಾಳೆ ಬೆಳಿಗ್ಗೆ ತಿಂಡಿ ತರ್ತೀನಿ." ಹೋದವನು ಹೇಗೆ ಬದುಕಿದ್ದ ಎನ್ನುವುದಕ್ಕೆ ಒಂದು ಸಾಲು, ನೀವು ಮಾಡುವ ಒಂದು ಕೆಲಸ. "ಏನಾದ್ರೂ ಬೇಕಿದ್ರೆ ಹೇಳು" ಎಂದರೆ ಯಾರೂ ಹೇಳುವುದಿಲ್ಲ. ಎಷ್ಟೋ ಮನೆಗಳಲ್ಲಿ ಸಂಸ್ಕಾರ ಮುಗಿಯುವವರೆಗೆ ಒಲೆ ಹಚ್ಚುವುದಿಲ್ಲ, ತಿಂಡಿ ನಿಜಕ್ಕೂ ಬೇಕಾಗುತ್ತದೆ.

ಉರಿಯುವ ಮೇಣದಬತ್ತಿಯ ರೆಡಿಮೇಡ್ ಚಿತ್ರ, ಕೈಮುಗಿದ ಸ್ಟಿಕರ್ ಇವೆಲ್ಲ ಸುಮ್ನೆ ಗುಂಪು ತುಂಬಿಸುವ ಸರಕು. ಕಳಿಸದಿದ್ದರೇ ವಾಸಿ. ಜಾಗದ ಫೋಟೊ, ಸಿಸಿಟಿವಿ ತುಣುಕು ಬಂದರೆ ಮುಂದಕ್ಕೆ ಕಳಿಸಲೇಬೇಡಿ.

ಮನೆಗೆ ಹೋದಾಗ ಪಕ್ಕದಲ್ಲಿ ಕೂತರೆ ಸಾಕು. ಅವನೇ ನಡೆದದ್ದನ್ನು ಹೇಳತೊಡಗಿದರೆ ಕೇಳಿಸಿಕೊಳ್ಳಿ, ಮಧ್ಯೆ ನಿಮ್ಮ ಲೆಕ್ಕಾಚಾರ ಸೇರಿಸಬೇಡಿ. "ನಾನು ಜೊತೆಗೆ ಹೋಗಿದ್ರೆ ಉಳೀತಿದ್ದ ಅಲ್ವಾ?" ಎಂದು ಕೇಳಿಬಿಟ್ಟರೆ? ಹೌದು, ಇಲ್ಲ ಎರಡೂ ನಮಗೆ ಗೊತ್ತಿಲ್ಲದ ಉತ್ತರ. "ಅದು ನಂಗೆ ಗೊತ್ತಿಲ್ಲ ಕಣೋ, ನಿಂಗೆ ಅವನ ಮೇಲೆ ಎಷ್ಟು ಪ್ರೀತಿ ಇತ್ತು ಅನ್ನೋದು ಗೊತ್ತು" ಎನ್ನಿ. ಅಂಗಳದಲ್ಲಿ ಬೇರೆಯವರು ಕೆದಕಿದರೆ "ಪೊಲೀಸರು ನೋಡ್ತಿದ್ದಾರೆ, ಊಟ ಆಯ್ತಾ?" ಎಂದು ಮಾತು ತಿರುಗಿಸಿ.

ಪರಿಹಾರ, ಇನ್ಶೂರೆನ್ಸ್ ಮಾತು ಮೊದಲ ದಿನ ಎತ್ತಬೇಡಿ. ಹಾಗಂತ ಮರೆತೂ ಬಿಡಬೇಡಿ. ಮೋಟಾರು ಅಪಘಾತ ಪರಿಹಾರದ ಅರ್ಜಿಗೆ ಕಾನೂನಿನಲ್ಲಿ 6 ತಿಂಗಳ ಗಡುವಿದೆ. ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ, ಎಫ್‌ಐಆರ್ ಪ್ರತಿ ತರಲು ಠಾಣೆಗೆ ಜೊತೆಗೆ ಬರ್ತೀನಿ ಎಂದು ಹೇಳಿ. ಯಾರ ತಪ್ಪು ಎನ್ನುವುದನ್ನು ವಕೀಲರು ನೋಡಿಕೊಳ್ಳುತ್ತಾರೆ.