ಲಿಪಿಡ್ ರಿಪೋರ್ಟ್ ಓದುವ ಮೊದಲು ಸೊಂಟ ಅಳೆಯಿರಿ

ಲಿಪಿಡ್ ರಿಪೋರ್ಟ್ ಕೈಗೆ ಬಂದ ಕೂಡಲೇ ಎಲ್ಲರೂ ಹುಡುಕುವುದು ಒಟ್ಟು ಕೊಲೆಸ್ಟ್ರಾಲ್ ಎಷ್ಟಿದೆ ಅಂತ. 46 ವರ್ಷದ ನನ್ನ ಅಕ್ಕನೂ ಹಾಗೇ ಮಾಡಿದಳು. 186 ಇತ್ತು. "ಇನ್ನೂರರ ಒಳಗಿದೆ, ಬಿಡು" ಎಂದು ಮಡಚಿಟ್ಟಳು. ಆದರೆ ಹೃದ್ರೋಗ, ಸಕ್ಕರೆ ಕಾಯಿಲೆಯ ಅಪಾಯ ಹೆಚ್ಚಿಸುವ ತೊಂದರೆಗಳ ಗುಂಪಾದ ಮೆಟಬಾಲಿಕ್ ಸಿಂಡ್ರೋಮ್ ಇದೆಯೋ ಇಲ್ಲವೋ ಎಂದು ನೋಡುವಾಗ ಒಟ್ಟು ಕೊಲೆಸ್ಟ್ರಾಲ್ ಲೆಕ್ಕಕ್ಕೇ ಬರುವುದಿಲ್ಲ.

ಹಂತ 1: ಐದು ಅಂಶ ತಿಳಿದಿರಲಿ

ಸೊಂಟದ ಸುತ್ತಳತೆ, ರಕ್ತದಲ್ಲಿರುವ ಕೊಬ್ಬಾದ ಟ್ರೈಗ್ಲಿಸರೈಡ್, ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್, ಬಿಪಿ, ಖಾಲಿ ಹೊಟ್ಟೆಯ ಶುಗರ್. ಇವುಗಳಲ್ಲಿ ಯಾವುದಾದರೂ ಮೂರು ಮಿತಿ ದಾಟಿದರೆ ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ಹಲವು ಅಂತರರಾಷ್ಟ್ರೀಯ ಸಂಸ್ಥೆಗಳು ಸೇರಿ 2009ರಲ್ಲಿ ಒಪ್ಪಿದ ಅಳತೆಗೋಲು ಇದು. ಬಿಪಿಗೆ ಮಿತಿ 130/85. ಎರಡರಲ್ಲಿ ಒಂದು ಸಂಖ್ಯೆ ಅಲ್ಲಿಗೆ ಮುಟ್ಟಿದರೂ ಸಾಕು. ಶುಗರ್‌ಗೆ 100. ಮಾತ್ರೆ ನುಂಗಿ ಬಿಪಿ ಹತೋಟಿಯಲ್ಲಿದ್ದರೂ ಆ ಅಂಶ ಎಣಿಕೆಗೆ ಸೇರುತ್ತದೆ. ಇದನ್ನು ಬಹಳ ಜನ ಮರೆಯುತ್ತಾರೆ.

ಹಂತ 2: ಸೊಂಟ ಅಳೆಯುವುದು

ಎಡವುವುದೆಲ್ಲಾ ಇಲ್ಲೇ. ಪ್ಯಾಂಟಿನ ಸೈಜನ್ನು ದಯವಿಟ್ಟು ಬರೆಯಬೇಡಿ. ಪ್ಯಾಂಟ್ ಕೂರುವುದು ಹೊಟ್ಟೆಯ ಕೆಳಗೆ, ನಮಗೆ ಬೇಕಿರುವುದು ಹೊಟ್ಟೆಯ ಅಳತೆ. ಹೊಕ್ಕುಳನ್ನೂ ಗುರುತಾಗಿ ನಂಬಬೇಡಿ, ಹೊಟ್ಟೆ ಜೋತಾಗ ಅದೂ ಕೆಳಗಿಳಿಯುತ್ತದೆ.

ಬಟ್ಟೆ ಸರಿಸಿ, ಪಕ್ಕೆಯ ಮೇಲೆ ಬೆರಳಿಟ್ಟು ಕೆಳಕ್ಕೆ ಜಾರಿಸಿ. ಕೊನೆಯ ಪಕ್ಕೆಲುಬು ಮುಗಿಯುವ ಜಾಗ ಕೈಗೆ ಸಿಗುತ್ತದೆ. ಅಲ್ಲೊಂದು ಪೆನ್ನಿನ ಗುರುತು ಹಾಕಿ. ಇನ್ನೂ ಕೆಳಗೆ ಒತ್ತಿದರೆ ಸೊಂಟದ ಮೂಳೆಯ ಮೇಲಂಚು ಸಿಗುತ್ತದೆ. ಅಲ್ಲೂ ಒಂದು ಗುರುತು. ಇವೆರಡರ ನಟ್ಟನಡುವೆ ಟೇಪು ಹೋಗಬೇಕು.

ಪಾದ ಜೋಡಿಸಿ, ಕೈ ಇಳಿಬಿಟ್ಟು ನಿಲ್ಲಿ. ಟೇಪು ಬೆನ್ನಿನ ಕಡೆ ಕೆಳಕ್ಕೆ ಜಾರಿರುತ್ತದೆ, ಅದು ನಿಮಗೆ ಕಾಣುವುದಿಲ್ಲ. ಹಾಗಾಗಿ ಕನ್ನಡಿ ಮುಂದೆ ಪಕ್ಕಕ್ಕೆ ತಿರುಗಿ ನೋಡಿ, ಇಲ್ಲವೇ ಮನೆಯವರಿಗೆ ಹಿಡಿಯಲು ಹೇಳಿ. ಟೇಪು ಚರ್ಮಕ್ಕೆ ತಾಗಿರಬೇಕು, ಒತ್ತಬಾರದು. ಸಹಜವಾಗಿ ಉಸಿರು ಬಿಟ್ಟು, ಆ ಕೊನೆಯಲ್ಲಿ ಓದಿ. ಟೇಪು ಕಂಡ ಕೂಡಲೇ ಹೊಟ್ಟೆ ತಾನಾಗಿ ಒಳಗೆ ಹೋಗುತ್ತದೆ ಅಲ್ವಾ? ಅದಕ್ಕೇ ಎರಡು ಮೂರು ಸಲ ಉಸಿರಾಡಿ ಸಡಿಲವಾದ ಮೇಲೆ ಓದಬೇಕು. ಎರಡು ಸಲ ಅಳೆಯಿರಿ. ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಮತ್ತೆ ಅಳೆಯಿರಿ. ನನ್ನ ಕೇಳಿದರೆ ಬೆಳಿಗ್ಗೆ ತಿಂಡಿಗೆ ಮೊದಲೇ ಅಳೆಯಬೇಕು.

ಹಳೆಯ ಬಟ್ಟೆ ಟೇಪು ಎಳೆದೆಳೆದು ಹಿಗ್ಗಿರುತ್ತದೆ, ಅದು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ನೋಡಿ. ಹೊಂದದಿದ್ದರೆ ಎಸೆದುಬಿಡಿ.

ದಕ್ಷಿಣ ಏಷ್ಯಾದವರಾದ ನಮಗೆ ಮಿತಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಅಮೆರಿಕದಲ್ಲಿ ಬಳಸುವ 102 ಮತ್ತು 88 ನೋಡಿಕೊಂಡು ಸಮಾಧಾನ ಪಡಬೇಡಿ. ಅಷ್ಟು ದಪ್ಪವಾಗುವ ಮೊದಲೇ ನಮ್ಮವರಲ್ಲಿ ಹೊಟ್ಟೆಯೊಳಗೆ ಕೊಬ್ಬು ಸೇರಿ ತೊಂದರೆ ಶುರುವಾಗಿರುತ್ತದೆ.

ಅಕ್ಕ ಕುರ್ತಾದ ಮೇಲೆ, ಸೊಂಟ ಎಲ್ಲಿ ಸಣ್ಣಗಿದೆಯೋ ಅಲ್ಲಿ ಟೇಪು ಬಿಗಿದು ಎಳೆದಿದ್ದಳು. 77 ಬಂದಿತ್ತು. ಗುರುತು ಹಾಕಿ ಸರಿಯಾಗಿ ಅಳೆದಾಗ 84.

ಹಂತ 3: ರಿಪೋರ್ಟಿನ ಎರಡು ಸಾಲು

ಟ್ರೈಗ್ಲಿಸರೈಡ್ 150 ಅಥವಾ ಮೇಲಿದ್ದರೆ ಒಂದು ಅಂಕ. ರಕ್ತ ಕೊಡುವ ಮುಂಚೆ 9ರಿಂದ 12 ಗಂಟೆ ನೀರು ಬಿಟ್ಟು ಬೇರೇನೂ ತೆಗೆದುಕೊಂಡಿರಬಾರದು. ಊಟ ಮಾಡಿದ ಮೇಲೆ ಇದು ಏರುತ್ತದೆ, ಹಿಂದಿನ ರಾತ್ರಿ ಕುಡಿದಿದ್ದರೂ ಏರುತ್ತದೆ. ಅಂಥ ರಿಪೋರ್ಟ್ ಹಿಡಿದು ಎಣಿಸುವುದು ಬೇಡ, ಮತ್ತೊಮ್ಮೆ ಪರೀಕ್ಷೆ ಮಾಡಿಸಿ.

ಎಚ್‌ಡಿಎಲ್ ಮಾತ್ರ ತಿರುಗಾಮುರುಗಾ, ಕಡಿಮೆ ಇದ್ದರೆ ಕೆಟ್ಟದ್ದು. ಗಂಡಸರಿಗೆ 40ಕ್ಕಿಂತ, ಹೆಂಗಸರಿಗೆ 50ಕ್ಕಿಂತ ಕೆಳಗಿದ್ದರೆ ಅಂಕ. ಕೆಲವು ರಿಪೋರ್ಟ್‌ಗಳಲ್ಲಿ ಇಬ್ಬರಿಗೂ ಸೇರಿಸಿ 40 ಎಂದೇ ಅಚ್ಚಾಗಿರುತ್ತದೆ. ಅಕ್ಕನ ಎಚ್‌ಡಿಎಲ್ 44. ಪಕ್ಕದಲ್ಲಿ ಯಾವ ಗುರುತೂ ಇರಲಿಲ್ಲ, ಅವಳು ಸರಿಯಿದೆ ಅಂದುಕೊಂಡಿದ್ದಳು.

ಈ ಎರಡೂ ಸಾಮಾನ್ಯವಾಗಿ ಜೊತೆಯಲ್ಲೇ ಕೆಡುತ್ತವೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಕೊಬ್ಬಿನ ಕೋಶಗಳಿಂದ ಕೊಬ್ಬಿನಾಮ್ಲ ಲಿವರ್‌ಗೆ ಹರಿಯುತ್ತದೆ. ಲಿವರ್ ಅದನ್ನು ಟ್ರೈಗ್ಲಿಸರೈಡ್ ಮಾಡಿ ರಕ್ತಕ್ಕೆ ಬಿಡುತ್ತದೆ. ಅದರ ಒಂದು ಪಾಲು ಎಚ್‌ಡಿಎಲ್ ಕಣಗಳಿಗೂ ಸೇರಿಕೊಳ್ಳುತ್ತದೆ. ಹಾಗಾದ ಕಣಗಳು ಬೇಗ ಕರಗಿ ಹೋಗುತ್ತವೆ.

ಹಂತ 4: ಎಣಿಸಿ

ಅಕ್ಕನ ಬಿಪಿ 126/82, ಶುಗರ್ 96. ಎರಡೂ ಮಿತಿಯೊಳಗೆ. ಟ್ರೈಗ್ಲಿಸರೈಡ್ 168, ಎಚ್‌ಡಿಎಲ್ 44, ಸೊಂಟ 84. ಮೂರು ಅಂಕ. 77 ಎಂದೇ ಬರೆದಿದ್ದರೆ ಎರಡಕ್ಕೆ ನಿಲ್ಲುತ್ತಿತ್ತು.

ಅವಳ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 108. ಅದು ಈ ಐದರಲ್ಲಿ ಇಲ್ಲ ಅಂತ ಸುಮ್ನೆ ಬಿಡುವ ಹಾಗಿಲ್ಲ. ಹೃದಯದ ಅಪಾಯ ಅಳೆಯುವಾಗ, ಕೊಲೆಸ್ಟ್ರಾಲ್ ಮಾತ್ರೆ ಬೇಕೋ ಬೇಡವೋ ಎಂದು ಯೋಚಿಸುವಾಗ ಡಾಕ್ಟರು ಮೊದಲು ನೋಡುವುದು ಅದನ್ನೇ. ಹಾಗಾಗಿ ಇಡೀ ರಿಪೋರ್ಟ್ ತೆಗೆದುಕೊಂಡು ಹೋಗಿ. ಮೇಲೆ ಸೊಂಟದ ಅಳತೆ ಬರೆದಿಡಿ, ಯಾವ ಜಾಗದಲ್ಲಿ ಅಳೆದಿರಿ ಅನ್ನುವುದನ್ನೂ ಸೇರಿಸಿ. ಮುಂದಿನ ಸಲ ಅದೇ ಜಾಗದಲ್ಲಿ ಅಳೆದರೆ ಮಾತ್ರ ಹೋಲಿಸಲು ಬರುತ್ತದೆ.