ಗಿರಣಿ ಮೋಟಾರಿನ ಕಥೆ ಬರೆದ ಅರ್ಜಿಗೇ ಕರೆ ಬಂತು

ಕೊನೆಗೂ ಟೆಕ್ನಿಷಿಯನ್ ಟ್ರೈನಿ ಅಂತ ಸೇರಿದೆ, ದಾಬಸ್‌ಪೇಟೆ ಕಡೆಯ ಒಂದು ಕಾರ್ಖಾನೆಯ ಮೇಂಟೆನೆನ್ಸ್‌ನಲ್ಲಿ. "ಅರ್ಜಿಯಲ್ಲಿ ಯಾರಾದ್ರೂ ಕಥೆ ಬರೀತಾರೇನೋ, ಮಾರ್ಕ್ಸ್ ಹಾಕು ಸಾಕು" ಅಂದಿದ್ದ ನನ್ನ ಐಟಿಐ ಗೆಳೆಯರೇ ಈಗ ಆ ಪತ್ರ ಕಳಿಸು ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಎಲೆಕ್ಟ್ರಿಷಿಯನ್ ಟ್ರೇಡ್. ಮೊದಲ ನಲವತ್ತು ಅರ್ಜಿಗಳು ಜೆರಾಕ್ಸ್ ಅಂಗಡಿಯವರ ಫಾರ್ಮ್ಯಾಟು. ಕಷ್ಟಪಟ್ಟು ದುಡಿಯುತ್ತೇನೆ, ಸಮಯಪಾಲನೆ ಇದೆ, ಹವ್ಯಾಸ ಕ್ರಿಕೆಟ್, ಕೆಳಗೆ ಒಂದು ಘೋಷಣೆ. ಹೆಸರು ಬದಲಾಯಿಸಿದರೆ ಯಾರದ್ದೂ ಆಗಬಹುದು. ಪೀಣ್ಯದಲ್ಲಿ ಗೇಟಿಂದ ಗೇಟಿಗೆ ನಡೆದು ಸೆಕ್ಯೂರಿಟಿಯವರ ಕೈಗೆ ಕೊಟ್ಟು ಬಂದೆ. ಬಸ್ಸು, ಜೆರಾಕ್ಸು, ಫೋಟೋ ಎಲ್ಲ ಸೇರಿ ಮೂರು ಸಾವಿರದ ಮೇಲೆ ಹೋಗಿರಬೇಕು. ಒಬ್ಬ ಏಜೆಂಟ್ ಕೆಲಸ ಕೊಡಿಸುತ್ತೇನೆ ಅಂತ 1,500 ತಗೊಂಡ, ಕಳಿಸಿದ್ದು ಪ್ಯಾಕಿಂಗ್ ಕೆಲಸಕ್ಕೆ. ಎರಡೇ ದಿನಕ್ಕೆ ವಾಪಸ್ ಬಂದೆ.

ಆ ನಲವತ್ತರಲ್ಲಿ ಒಂದೇ ಒಂದು ಕಡೆ ಕರೆದರು, ಅಲ್ಲೂ ಕೆಟ್ಟಿತು. ಪತ್ರದಲ್ಲಿ ಪಿಎಲ್‌ಸಿ ಗೊತ್ತು ಅಂತ ಹಾಕಿದ್ದೆ. ಅವರು ಬಿಳಿ ಹಾಳೆ ಕೊಟ್ಟು ಸ್ಟಾರ್ಟ್, ಸ್ಟಾಪ್, ಹೋಲ್ಡಿಂಗ್ ಇರೋ ಒಂದು ಲ್ಯಾಡರ್ ಬರಿ ಅಂದರು. ಹೋಲ್ಡಿಂಗ್ ಕಾಂಟ್ಯಾಕ್ಟನ್ನು ಸ್ಟಾರ್ಟ್ ಬಟನ್‌ಗೆ ಪ್ಯಾರಲಲ್ ಹಾಕಬೇಕಿತ್ತು, ನಾನು ಸೀರೀಸ್‌ನಲ್ಲಿ ಬರೆದೆ. ಕಾಂಟ್ಯಾಕ್ಟರ್ ಪ್ಯಾನೆಲ್‌ನಲ್ಲಿ ಎಷ್ಟೋ ಸಲ ಕೈಯಾರೆ ಹಾಕಿದ ವೈರು ಅದು! ಬಸ್ಸಲ್ಲಿ ಬರುವಾಗಲೇ ಪತ್ರದಿಂದ ಪಿಎಲ್‌ಸಿ ಸಾಲು ಹೊಡೆದು ಹಾಕಿದೆ.

ಆಮೇಲೆ ಯೋಚನೆ ಬಂತು. ನಾನು ನಿಜವಾಗಿ ಮಾಡಿದ ಕೆಲಸ ಯಾವುದು? ಊರ ಹತ್ತಿರದ ವೈಂಡಿಂಗ್ ಅಂಗಡಿಯಲ್ಲಿ ಎಂಟು ತಿಂಗಳು ಇದ್ದೆನಲ್ಲ, ಆಗ ಒಂದು ಹಿಟ್ಟಿನ ಗಿರಣಿಯ 10 ಎಚ್‌ಪಿ ಮೋಟಾರ್ ಮೂರು ತಿಂಗಳಲ್ಲಿ ಎರಡು ಸಲ ಸುಟ್ಟು ಬಂದಿತ್ತು. ಎರಡನೇ ಸಲ ನಾನೇ ಗಿರಣಿಗೆ ಹೋದೆ. ಕಾಂಟ್ಯಾಕ್ಟರಿನ ಒಂದು ಟರ್ಮಿನಲ್ ಕಪ್ಪಾಗಿ ಸಡಿಲ ಆಗಿತ್ತು, ಆಗಾಗ ಒಂದು ಫೇಸ್ ಹೋಗುತ್ತಿತ್ತು. ಹೋದರೆ ರಿಲೇ ಟ್ರಿಪ್ ಆಗಬೇಕಲ್ವಾ, ಯಾಕೆ ಆಗಲಿಲ್ಲ? ಸ್ಟಾರ್ ಡೆಲ್ಟಾದಲ್ಲಿ ರಿಲೇ ಮೇನ್ ಕಾಂಟ್ಯಾಕ್ಟರಿನ ಕೆಳಗೆ ಇದ್ದರೆ, ಡೆಲ್ಟಾದಲ್ಲಿ ಓಡುವಾಗ ಅದರಲ್ಲಿ ಹರಿಯುವುದು ವೈಂಡಿಂಗಿನ ಕರೆಂಟು. ಲೈನ್ ಕರೆಂಟಿನ 0.58 ಪಾಲು ಅಷ್ಟೇ. ಪ್ಲೇಟಿನ ಮೇಲೆ 14 ಆಂಪಿಯರ್ ಅಂದರೆ ರಿಲೇ 8ರ ಹತ್ತಿರ ಇರಬೇಕು. ಅಲ್ಲಿ ಯಾರೋ 9ರಿಂದ 14ರ ರಿಲೇ ಹಾಕಿ 14ಕ್ಕೇ ತಿರುಗಿಸಿಟ್ಟಿದ್ದರು. ಟರ್ಮಿನಲ್ ಬದಲಿಸಿ, 6ರಿಂದ 10ರ ರಿಲೇ ತಂದು 8ಕ್ಕೆ ಇಟ್ಟೆ. ಆಮೇಲೆ ಆ ಮೋಟಾರ್ ಅಂಗಡಿಗೆ ಬಂದೇ ಇಲ್ಲ.

ಇಷ್ಟನ್ನೇ ಪತ್ರದ ನಡುವೆ ಆರು ಸಾಲಲ್ಲಿ ಬರೆದೆ, ನನಗೆ ಬರುವ ಸಣ್ಣ ಸಣ್ಣ ಇಂಗ್ಲಿಷಲ್ಲಿ. ಮೇಲೆ ಎರಡು ಸಾಲು: ಯಾವ ಹುದ್ದೆ, ಯಾವ ಟ್ರೇಡ್, ಪಾಸಾದ ವರ್ಷ, ಎನ್‌ಟಿಸಿ ಇದೆ, ಅಪ್ರೆಂಟಿಸ್ ಮಾಡಿಲ್ಲ. ಕೆಳಗೆ ಮೂರು ಸಾಲು: ಪಿಎಲ್‌ಸಿ ನೋಡಿದ್ದೇನೆ, ಮಾಡಿಲ್ಲ, ಮೂರೂ ಶಿಫ್ಟ್ ಆಗುತ್ತೆ, ಕರೆದ ವಾರದೊಳಗೆ ಸೇರುತ್ತೇನೆ. ಮಾರ್ಕ್ಸ್ ಕಾರ್ಡ್ ಹಿಂದೆ ಪಿನ್ ಮಾಡಿದೆ. ಅರ್ಧ ಪುಟಕ್ಕಿಂತ ಜಾಸ್ತಿ ಆಗಲಿಲ್ಲ.

ನಡುವೆ ಒಂದು ಪ್ರಯೋಗನೂ ಮಾಡಿದೆ. ಅದೇ ಪತ್ರ ಆರು ಕೈಬರಹದಲ್ಲಿ, ಆರು ಟೈಪ್ ಮಾಡಿಸಿ. ವ್ಯತ್ಯಾಸ ಏನೂ ಕಾಣಲಿಲ್ಲ. ಕಲರ್ ಪ್ರಿಂಟ್ ಸುಮ್ನೆ ದುಡ್ಡು ದಂಡ. ವ್ಯತ್ಯಾಸ ಆಗಿದ್ದು ಲಕೋಟೆ ಮೇಲೆ ಎಚ್ಆರ್ ಬದಲು ಮೇಂಟೆನೆನ್ಸ್ ಇನ್‌ಚಾರ್ಜ್ ಅಂತ ಬರೆದಾಗ. ಅವರ ಹೆಸರು ಹೇಗೆ ಪತ್ತೆ ಮಾಡಿದೆ ಅನ್ನೋದು ನನ್ನ ಹತ್ತಿರವೇ ಇರಲಿ, ತಮ್ಮನೂ ಈಗ ಕೆಲಸ ಹುಡುಕುತ್ತಿದ್ದಾನೆ.

ಹನ್ನೆರಡಕ್ಕೆ ಮೂರು ಕರೆ ಬಂತು. ಈಗಿನ ಕಾರ್ಖಾನೆಯಲ್ಲಿ ಇನ್‌ಚಾರ್ಜ್ ಸರ್ ನನ್ನ ಪತ್ರ ಕೈಯಲ್ಲೇ ಹಿಡಿದಿದ್ದರು, ಗಿರಣಿಯ ಸಾಲುಗಳ ಕೆಳಗೆ ಪೆನ್ಸಿಲ್ ಗೆರೆ. ಮಾರ್ಕ್ಸ್ ಕೇಳಲಿಲ್ಲ. ನೇರ ಕಂಪ್ರೆಸರ್ ರೂಮಿಗೆ ಕರೆದುಕೊಂಡು ಹೋಗಿ ಪ್ಯಾನೆಲ್ ಬಾಗಿಲು ತೆಗೆದು, "ಇದರ ರಿಲೇ ಎಷ್ಟಕ್ಕಿರಬೇಕು ಹೇಳಪ್ಪಾ" ಅಂದರು. ನಾನು ಮೊದಲು ರಿಲೇ ಎಲ್ಲಿ ಕೂತಿದೆ ಅಂತ ನೋಡಿದೆ. ಇಲ್ಲಿ ಅದು ಮೇನ್ ಕಾಂಟ್ಯಾಕ್ಟರಿನ ಮೇಲೆ, ಲೈನಿನಲ್ಲೇ ಇತ್ತು. "ಇಲ್ಲಿ 0.58 ಬೇಡ ಸರ್, ಪ್ಲೇಟಿನ ಮೇಲಿದ್ದಷ್ಟೇ" ಅಂದೆ. ಅವರು ಬಾಗಿಲು ಮುಚ್ಚಿ, "ಸೋಮವಾರ ಬರ್ತೀಯಾ?" ಅಂತ ಕೇಳಿದರು.